ಒಂದು ತಿಂಗಳು, ನಾಲ್ಕು ದರ: ತೂಕಿತ ಸರಾಸರಿಯಲ್ಲಿ ಅಂತಿಮ ದಾಸ್ತಾನಿನ ಬೆಲೆ

ಮಾನ್ಯರೇ,

ತೊಗರಿ ಬೇಳೆಯ ಸಗಟು ಅಂಗಡಿಯೊಂದರ ಜೂನ್ ತಿಂಗಳ ಲೆಕ್ಕವನ್ನು ಇಂದು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ಅಂಗಡಿ ಕಲ್ಪಿತ, ಅಂಕಿಗಳೂ ನಾನೇ ಹಾಕಿಕೊಂಡವು. ಆದರೆ ಇದರಲ್ಲಿ ಬರುವ ತೊಡಕುಗಳು ಲೆಕ್ಕ ಬರೆಯುವ ಯಾರಿಗೂ ಹೊಸವಲ್ಲ. ಸರಕು ಐವತ್ತು ಕಿಲೋ ಚೀಲಗಳಲ್ಲಿದೆ. ಜೂನ್ 1ರಂದು ಗೋದಾಮಿನಲ್ಲಿ 100 ಚೀಲಗಳಿದ್ದವು, ಚೀಲಕ್ಕೆ ₹5,000. ಐದನೆಯ ತಾರೀಖು ₹5,200ರಂತೆ 300 ಚೀಲ ಬಂತು. ಆಮೇಲೆ ದರ ಏರಿತು. ಹದಿನಾಲ್ಕರಂದು ₹5,950ರಂತೆ 40 ಚೀಲಗಳನ್ನಷ್ಟೇ ತರಿಸಿದರು. ದರ ತುಸು ಇಳಿದ ಮೇಲೆ, ಇಪ್ಪತ್ತನಾಲ್ಕರಂದು, ₹5,550ರಂತೆ 150 ಚೀಲ ತರಿಸಿದರು. ಮಾರಾಟ ಮೂರು ಕಂತುಗಳಲ್ಲಿ ಆಯಿತು: ಒಂಬತ್ತರಂದು 280, ಇಪ್ಪತ್ತರಂದು 110, ಇಪ್ಪತ್ತೆಂಟರಂದು 80. ತಿಂಗಳ ಕೊನೆಗೆ ಎಣಿಸಿದರೆ 120 ಚೀಲಗಳಿವೆ. ಈ 120 ಚೀಲಗಳ ಬೆಲೆ ಎಷ್ಟೆಂಬುದು ನಮ್ಮ ಪ್ರಶ್ನೆ.

ಗೋದಾಮಿನಲ್ಲಿ ಯಾವ ಚೀಲ ಯಾವ ಲಾರಿಯಲ್ಲಿ ಬಂದದ್ದೆಂದು ಹೇಳಲು ಆಗುವುದಿಲ್ಲ. ಹಮಾಲರು ಕೈಗೆ ಸಿಕ್ಕ ಕಡೆ ಒಟ್ಟುತ್ತಾರೆ, ಕೈಗೆ ಸಿಕ್ಕದ್ದನ್ನು ಇಳಿಸುತ್ತಾರೆ. ಆದ್ದರಿಂದ ಸರಕೆಲ್ಲ ಒಂದೇ ರಾಶಿ ಎಂದು ಭಾವಿಸಿ, ರಾಶಿಗೆ ಬಿದ್ದ ಒಟ್ಟು ಹಣವನ್ನು ಒಟ್ಟು ಚೀಲಗಳಿಗೆ ಹಂಚುವುದು ತೂಕಿತ ಸರಾಸರಿಯ ತಿರುಳು. ಭಾರತದ ಲೆಕ್ಕಪತ್ರ ಮಾನಕ 2, ಹೀಗೆ ಬೇರ್ಪಡಿಸಿ ಗುರುತಿಸಲಾಗದ ಸರಕಿಗೆ ಎರಡೇ ದಾರಿಗಳನ್ನು ಒಪ್ಪುತ್ತದೆ: ಮೊದಲು ಬಂದದ್ದು ಮೊದಲು ಹೋಯಿತೆನ್ನುವ ಕ್ರಮ, ಇಲ್ಲವೇ ತೂಕಿತ ಸರಾಸರಿ.

ಮೊದಲಿಗೆ ತಪ್ಪು ಲೆಕ್ಕವನ್ನೇ ನೋಡೋಣ. ನಾಲ್ಕು ದರಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ₹5,425 ಬರುತ್ತದೆ. 120 ಚೀಲಕ್ಕೆ ₹6,51,000. ಲೆಕ್ಕ ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಹೀಗೆಯೇ ಮಾಡಿ, ಹಿರಿಯ ಗುಮಾಸ್ತರೊಬ್ಬರಿಂದ ಬೈಸಿಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: “ನಲವತ್ತು ಚೀಲಕ್ಕೂ ಮುನ್ನೂರು ಚೀಲಕ್ಕೂ ಒಂದೇ ಓಟು ಕೊಟ್ಟೆಯಲ್ಲ, ಯಾಕೆ?” ₹5,950ರ ದರ ಕೇವಲ 40 ಚೀಲಗಳದ್ದು, ಆದರೂ ಸರಳ ಸರಾಸರಿಯಲ್ಲಿ ಅದು ಮುನ್ನೂರು ಚೀಲದ ದರಕ್ಕೆ ಸಮನಾಗಿ ಕೂತು, ಉಳಿದ ಸರಕಿನ ಬೆಲೆಯನ್ನು ಮೇಲಕ್ಕೆ ಎಳೆಯುತ್ತದೆ.

ಈ ತಪ್ಪನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆಯಿದೆ. ಆರಂಭಿಕ ದಾಸ್ತಾನು ಮತ್ತು ಖರೀದಿಗಳ ಮೊತ್ತ ₹31,30,500. ಮಾರಿದ 470 ಚೀಲಗಳ ವೆಚ್ಚವೂ ಉಳಿದ 120 ಚೀಲಗಳ ಬೆಲೆಯೂ ಸೇರಿ ಅಷ್ಟೇ ಆಗಬೇಕು, ಒಂದು ರೂಪಾಯಿಯೂ ಹೆಚ್ಚು ಕಡಿಮೆ ಆಗಕೂಡದು. 590 ಚೀಲಗಳನ್ನೂ ₹5,425ರಿಂದ ಗುಣಿಸಿದರೆ ₹32,00,750 ಬರುತ್ತದೆ. ಕೊಳ್ಳದೇ ಇದ್ದ ₹70,250ರ ಬೇಳೆ ಪುಸ್ತಕದೊಳಗೆ ಹುಟ್ಟಿಕೊಂಡಿತು!

ಈಗ ಸರಿಯಾದ ಲೆಕ್ಕ. ₹31,30,500ನ್ನು 590 ಚೀಲಗಳಿಂದ ಭಾಗಿಸಿದರೆ ಚೀಲಕ್ಕೆ ₹5,305.93 ಬೀಳುತ್ತದೆ; 120 ಚೀಲಗಳಿಗೆ, ಪೈಸೆ ಕಳೆಯದೆ ಗುಣಿಸಿ ಕೊನೆಯಲ್ಲಿ ಮಾತ್ರ ದುಂಡಾಗಿಸಿದರೆ, ₹6,36,712. ಇದು ತಿಂಗಳಿಗೊಮ್ಮೆ ತೆಗೆಯುವ ಸರಾಸರಿ. ಮಾರಾಟ ಯಾವ ದಿನ ಆಯಿತು ಎಂಬುದು ಇದಕ್ಕೆ ಬೇಕಾಗಿಯೇ ಇಲ್ಲ, ಕೊನೆಯ ಎಣಿಕೆಯೊಂದಿದ್ದರೆ ಸಾಕು. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಒಂಬತ್ತನೆಯ ತಾರೀಖು ಹೊರಟುಹೋದ 280 ಚೀಲಗಳ ತಲೆಯ ಮೇಲೂ ಇಪ್ಪತ್ತನಾಲ್ಕರಂದು ಕೊಂಡ ಸರಕಿನ ಏರುದರದ ಪಾಲು ಬೀಳುತ್ತದೆ. ಆ ಲಾರಿ ಇನ್ನೂ ಗಿರಣಿಯಿಂದ ಹೊರಟೇ ಇರಲಿಲ್ಲ.

ಈ ವಿಚಿತ್ರವನ್ನು ತಪ್ಪಿಸಬೇಕೆಂದರೆ ಪ್ರತಿ ಖರೀದಿಯ ಬೆನ್ನಿಗೇ ಹೊಸ ಸರಾಸರಿ ತೆಗೆಯಬೇಕು. ಮಾನಕ ಎರಡನ್ನೂ ಒಪ್ಪುತ್ತದೆ. ಈ ಚಲಿಸುವ ಸರಾಸರಿಯಲ್ಲಿ ಐದನೆಯ ತಾರೀಖಿಗೆ ರಾಶಿಯಲ್ಲಿ 400 ಚೀಲ, ₹20,60,000, ಚೀಲಕ್ಕೆ ₹5,150. ಒಂಬತ್ತರ ಮಾರಾಟ ಈ ದರದಲ್ಲಿ ಹೊರಗೆ ಹೋಗಿ, 120 ಚೀಲ, ₹6,18,000 ಉಳಿಯುತ್ತದೆ. ಮಾರಾಟದಿಂದ ಸರಾಸರಿ ಬದಲಾಗುವುದಿಲ್ಲ, ಖರೀದಿಯಿಂದ ಮಾತ್ರ ಬದಲಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹದಿನಾಲ್ಕರ 40 ಚೀಲ ಸೇರಿದಾಗ 160 ಚೀಲಕ್ಕೆ ₹8,56,000, ದರ ₹5,350. ಇಪ್ಪತ್ತರಂದು 110 ಹೋಗಿ 50 ಚೀಲ, ₹2,67,500 ಉಳಿಯಿತು. ಇಪ್ಪತ್ತನಾಲ್ಕರ 150 ಸೇರಿದಾಗ 200 ಚೀಲಕ್ಕೆ ಸರಿಯಾಗಿ ₹11,00,000, ದರ ₹5,500. ಇಪ್ಪತ್ತೆಂಟರ 80 ಹೋದ ಮೇಲೆ 120 ಚೀಲ, ₹6,60,000.

ಒಂದೇ ಅಂಗಡಿ, ಅವೇ ಬಿಲ್ಲುಗಳು, ಅವೇ 120 ಚೀಲಗಳು. ಆದರೂ ಎರಡು ವಿಧಾನಗಳ ನಡುವೆ ₹23,288 ವ್ಯತ್ಯಾಸ. ದಾಸ್ತಾನು ಅಷ್ಟು ಹೆಚ್ಚಾದರೆ ಆ ತಿಂಗಳ ಲಾಭವೂ ಅಷ್ಟೇ ಹೆಚ್ಚು. ದರ ಏರುತ್ತಿರುವಾಗ ಚಲಿಸುವ ಸರಾಸರಿ ಇತ್ತೀಚಿನ ದರಕ್ಕೆ ಹತ್ತಿರ ನಿಲ್ಲುತ್ತದೆ; ಇಳಿಯುತ್ತಿರುವಾಗ ಇದೇ ವ್ಯತ್ಯಾಸ ತಿರುಗುಮುರುಗಾಗುತ್ತದೆ. ಆದ್ದರಿಂದಲೇ ಈ ತಿಂಗಳು ಒಂದು, ಬರುವ ತಿಂಗಳು ಇನ್ನೊಂದು ಎಂದು ಅನುಕೂಲ ನೋಡಿ ವಿಧಾನ ಬದಲಿಸುವುದಕ್ಕೆ ಅವಕಾಶವಿಲ್ಲ. ನನ್ನನ್ನು ಕೇಳಿದರೆ, ದಿನದಿನದ ದಾಸ್ತಾನು ಪುಸ್ತಕ ಶಿಸ್ತಾಗಿ ಇರುವ ಅಂಗಡಿಗೆ ಚಲಿಸುವ ಸರಾಸರಿ, ಶಿಸ್ತು ಇಲ್ಲದ ಕಡೆ ತಿಂಗಳಿನ ಸರಾಸರಿ ಎನ್ನುತ್ತೇನೆ. ಹಾಗೇಕೆಂದು ಹೇಳುತ್ತೇನೆ.

ಹದಿನಾಲ್ಕನೆಯ ತಾರೀಖು ಬಂದ 40 ಚೀಲಗಳ ಬಿಲ್ಲು ಮಾಲೀಕರ ಜೇಬಿನಲ್ಲೇ ಉಳಿದು, ಗುಮಾಸ್ತರ ಕೈಗೆ ಇಪ್ಪತ್ತೆರಡಕ್ಕೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಅವರು ಅದನ್ನು ಇಪ್ಪತ್ತೆರಡರ ತಾರೀಖಿಗೇ ಬರೆದರು. ಈಗ ಇಪ್ಪತ್ತರ ಮಾರಾಟದ 110 ಚೀಲಗಳು ಹಳೆಯ ₹5,150ರಲ್ಲೇ ಹೊರಗೆ ಹೋಗುತ್ತವೆ, ₹5,350ರಲ್ಲಿ ಅಲ್ಲ. ರಾಶಿಯಲ್ಲಿ 10 ಚೀಲ ಉಳಿಯುತ್ತದೆ; ದುಬಾರಿ ನಲವತ್ತು ಚೀಲ ಆ ಹತ್ತರ ಜೊತೆ ಸೇರಿ ದರ ₹5,790ಕ್ಕೆ ಜಿಗಿಯುತ್ತದೆ. ಇಪ್ಪತ್ತನಾಲ್ಕರ ಸರಕು ಸೇರಿದ ಮೇಲೆ ₹5,610. ತಿಂಗಳ ಕೊನೆಯ 120 ಚೀಲಗಳ ಬೆಲೆ ₹6,73,200 ಆಗುತ್ತದೆ, ಇರಬೇಕಾದುದಕ್ಕಿಂತ ₹13,200 ಹೆಚ್ಚು. ಹಣ ಹೆಚ್ಚು ಕಡಿಮೆಯಾಗಿಲ್ಲ, ಚೀಲಗಳೂ ಕಡಿಮೆಯಾಗಿಲ್ಲ. ಒಂದು ತಾರೀಖು ಮಾತ್ರ ಎಂಟು ದಿನ ಜಾರಿದೆ.

ಇದರಲ್ಲಿ ತೊಂದರೆ ಏನೆಂದರೆ, ನಾನು ಆಗ ಹೇಳಿದ ಪರೀಕ್ಷೆ ಈ ತಪ್ಪನ್ನು ಹಿಡಿಯುವುದಿಲ್ಲ. ಮಾರಿದ ಸರಕಿನ ವೆಚ್ಚ ₹24,57,300, ಉಳಿದದ್ದು ₹6,73,200, ಕೂಡಿಸಿದರೆ ₹31,30,500 ಸರಿಯಾಗಿಯೇ ಬರುತ್ತದೆ. ತಪ್ಪು ಕಾಣಬೇಕೆಂದರೆ ಗೋದಾಮಿನ ಬಾಗಿಲಲ್ಲಿ ಲಾರಿ ಬಂದಾಗ ಬರೆಯುವ ಆವಕ ಪುಸ್ತಕವನ್ನೂ ಖರೀದಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ತಾರೀಖು ಹೋಲಿಸಬೇಕು. ಕೆಲವೊಮ್ಮೆ ಪುಸ್ತಕವೇ ಸುಳಿವು ಕೊಡುತ್ತದೆ: ಇಪ್ಪತ್ತರಂದು 110ರ ಬದಲು 130 ಮಾರಿದ್ದರೆ ದಾಸ್ತಾನು ಹತ್ತು ಚೀಲ ಋಣಕ್ಕೆ ಇಳಿಯುತ್ತಿತ್ತು. ಇಲ್ಲದ ಸರಕನ್ನು ಯಾರೂ ಲಾರಿಗೆ ಏರಿಸಲಾರರು. ಋಣ ದಾಸ್ತಾನು ಕಂಡರೆ ಎಲ್ಲೋ ಒಂದು ಖರೀದಿ ಬಿಲ್ಲು ಬಾಕಿಯಿದೆ, ಇಲ್ಲವೇ ಎರಡು ಸರಕುಗಳ ಹೆಸರು ಅದಲುಬದಲಾಗಿದೆ ಎಂದೇ ತಿಳಿಯಬೇಕು. ಕಂಪ್ಯೂಟರು ಋಣದ ಮೇಲೂ ಒಂದು ಸರಾಸರಿ ಹಾಕಿ ತೋರಿಸಬಹುದು, ಆ ದರವನ್ನು ನಂಬಬೇಡಿ. ತಿಂಗಳಿಗೊಮ್ಮೆ ತೆಗೆಯುವ ಸರಾಸರಿಗೆ, ಬಿಲ್ಲು ಅದೇ ತಿಂಗಳೊಳಗೆ ಬಂದರೆ ಸಾಕು, ಎಂಟು ದಿನ ಜಾರಿದರೂ ಏನೂ ಆಗದು.

ಸರಾಸರಿಗೆ ಸೇರುವ ದರ ಎಂದರೆ ಬಿಲ್ಲಿನ ಮೇಲಿನ ದರವೊಂದೇ ಅಲ್ಲ, ಸರಕು ಗೋದಾಮಿಗೆ ಬಂದು ಇಳಿಯುವವರೆಗಿನ ವೆಚ್ಚ. ಹದಿನಾಲ್ಕರ ₹5,950ರಲ್ಲಿ ಗಿರಣಿಯ ದರ ₹5,825, ಲಾರಿ ಬಾಡಿಗೆ ₹100, ಹಮಾಲಿ ₹25 ಇವೆ. ವ್ಯಾಪಾರಿ ರಿಯಾಯಿತಿ ಸಿಕ್ಕಿದ್ದರೆ ಅದನ್ನು ಕಳೆಯಬೇಕು. ಜಮೆ ಸಿಗುವ ಜಿಎಸ್‌ಟಿಯನ್ನು ಈ ಮಾನಕದ ಪ್ರಕಾರ ಸೇರಿಸುವುದಿಲ್ಲ, ಜಮೆ ಸಿಗದಿದ್ದರೆ ಅದೂ ವೆಚ್ಚವೇ. ಲಾರಿ ಬಾಡಿಗೆಯನ್ನು ಸಾಗಣೆ ಖರ್ಚಿನ ಖಾತೆಗೆ ಹಾಕಿಬಿಡುವುದು ರೂಢಿಯ ತಪ್ಪು. ಹಾಗೆ ಮಾಡಿದರೆ ಮಾರದೇ ಉಳಿದ ಚೀಲಗಳ ಬಾಡಿಗೆಯೂ ಈ ತಿಂಗಳ ನಷ್ಟಕ್ಕೇ ಬರೆಯಲ್ಪಡುತ್ತದೆ.

ವಾಪಸಾದ ಸರಕಿನ ವಿಷಯವನ್ನೂ ಹೇಳಬೇಕು. ಇಪ್ಪತ್ತನಾಲ್ಕರ ಸರಕಿನಲ್ಲಿ ಹತ್ತು ಚೀಲ ಹುಳು ಹಿಡಿದಿವೆಯೆಂದು ಮರುದಿನ ಗಿರಣಿಗೆ ಹಿಂದಿರುಗಿಸಿದರೆ, ಅವು ಬಂದ ದರದಲ್ಲೇ, ಅಂದರೆ ₹5,550ರಲ್ಲೇ ಹೊರಗೆ ಹೋಗಬೇಕು. ಉಳಿದ 190 ಚೀಲಗಳ ಸರಾಸರಿ ₹5,497.37ಕ್ಕೆ ಇಳಿಯುತ್ತದೆ. ಆದರೆ ಒಂಬತ್ತರಂದು ಕೊಂಡ ಗಿರಾಕಿ ಐದು ಚೀಲ ಹಿಂದಕ್ಕೆ ತಂದರೆ, ಅವು ಯಾವ ವೆಚ್ಚದಲ್ಲಿ ಹೊರಗೆ ಹೋಗಿದ್ದವೋ ಅದೇ ₹5,150ರಲ್ಲಿ ಒಳಗೆ ಬರಬೇಕು. ಅವನ್ನು ಮಾರಿದ ದರದಲ್ಲಿ ಒಳಗೆ ತೆಗೆದುಕೊಂಡರೆ, ಇನ್ನೂ ಆಗದ ಲಾಭ ದಾಸ್ತಾನಿನೊಳಗೆ ಸೇರಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಪ್ರತಿ ಸರಾಸರಿಗೂ ಹರಡುತ್ತದೆ.

ಕೊನೆಯದಾಗಿ, ಸರಾಸರಿಯಿಂದ ಬಂದ ಮೊತ್ತ ವೆಚ್ಚ ಮಾತ್ರ. ಅದನ್ನು ನಿವ್ವಳ ವಸೂಲಿ ಮೌಲ್ಯದೊಂದಿಗೆ ಹೋಲಿಸಿ, ಎರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು. ಜೂನ್ 30ರಂದು ಮಾರುಕಟ್ಟೆ ಕುಸಿದು, ಚೀಲ ₹5,450ಕ್ಕೆ ಹೋಗುವಂತಿದೆ, ದಲ್ಲಾಳಿ ಮುಂತಾದ ಮಾರಾಟ ಖರ್ಚು ₹50 ಎಂದಾದರೆ ಕೈಗೆ ಉಳಿಯುವುದು ₹5,400. ಚಲಿಸುವ ಸರಾಸರಿ ಹಿಡಿದವರ ವೆಚ್ಚ ₹5,500. ಅವರು ದಾಸ್ತಾನನ್ನು ₹6,48,000ಕ್ಕೆ ಇಳಿಸಿ, ₹12,000 ನಷ್ಟವನ್ನು ಜೂನ್ ತಿಂಗಳಿಗೇ ಬರೆಯಬೇಕು. ತಿಂಗಳಿನ ಸರಾಸರಿ ಹಿಡಿದವರ ವೆಚ್ಚ ₹5,305.93 ಆದ್ದರಿಂದ ಅವರು ಏನನ್ನೂ ಇಳಿಸಬೇಕಿಲ್ಲ, ₹6,36,712 ಹಾಗೆಯೇ ನಿಲ್ಲುತ್ತದೆ. ಇಳಿಸುವ ಮೊದಲು ₹23,288 ಇದ್ದ ಅಂತರ ₹11,288ಕ್ಕೆ ಬಂತು. ಜುಲೈ 1ರ ಮೊದಲ ಸಾಲಿನಲ್ಲಿ ಇಬ್ಬರೂ 120 ಚೀಲ ಎಂದೇ ಬರೆಯುತ್ತಾರೆ, ಎದುರಿನ ಮೊತ್ತ ಮಾತ್ರ ಬೇರೆ ಬೇರೆ. ಜುಲೈಯಲ್ಲಿ ಮೊದಲ ಲಾರಿ ಬಂದಾಗ ತೆಗೆಯುವ ಸರಾಸರಿ ಆ ಮೊತ್ತದಿಂದಲೇ ಶುರುವಾಗುತ್ತದೆ.