ಮಗುವಿಗೆ ಎಷ್ಟು ತಿಂಗಳು? ಎಲ್ಲಿಂದ ಎಣಿಸಬೇಕು?

ಕೇಳುಗರಿಗೆ ನಮಸ್ಕಾರ.

ಚೌತಿ ಮುಗಿದ ವಾರ ನನ್ನ ಹತ್ತಿರ ಬರುವ ಪುಟ್ಟ ಮಕ್ಕಳ ಸಂಖ್ಯೆ ಸ್ವಲ್ಪ ಜಾಸ್ತಿಯಾಗುತ್ತದೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಜ್ವರ ಇಲ್ಲ, ಕೆಮ್ಮಿಲ್ಲ. ಹಬ್ಬಕ್ಕೆ ನೆಂಟರು ಸೇರಿರುತ್ತಾರೆ. ನಾಲ್ಕು ಕೂಸುಗಳನ್ನು ಒಂದೇ ಚಾಪೆಯ ಮೇಲೆ ಬಿಟ್ಟಿರುತ್ತಾರೆ. ಇದು ಕೂತಿತು, ಅದು ಕೂರಲಿಲ್ಲ ಅಂತ ಹೋಲಿಕೆ ಶುರುವಾಗುತ್ತದೆ.

ಹಾಗೆ ಕುಮಟಾ ಕಡೆಯ ಒಬ್ಬ ಅಜ್ಜಿ ಸೆಪ್ಟೆಂಬರ್ 10ರಂದು ಮೊಮ್ಮಗಳನ್ನು ಎತ್ತಿಕೊಂಡು ಬಂದರು. "ಡಾಕ್ಟ್ರೇ, ಪಕ್ಕದ ಮನೆಯದ್ದೂ ಇದೇ ಜನವರಿ ಕಡೆಗೆ ಹುಟ್ಟಿದ್ದು. ಅದು ಕೂತು ಆಡ್ತದೆ. ನಮ್ಮದು ಕೂರಿಸಿದರೆ ಬಿದ್ದೇ ಹೋಗ್ತದೆ. ಎಂತ ಆಗಿದೆ ಇದಕ್ಕೆ?"

ಮಗು ಹುಟ್ಟಿದ್ದು ಜನವರಿ 30. ಅಲ್ಲಿಂದ ಎಣಿಸಿದರೆ ಏಳು ತಿಂಗಳು ಹನ್ನೊಂದು ದಿನ. ನಾನು ತಾಯಿ ಕಾರ್ಡ್ ಕೇಳಿದೆ. ಅದರಲ್ಲಿ ಹೆರಿಗೆಯ ಅಂದಾಜು ದಿನ ಏಪ್ರಿಲ್ 10 ಎಂದಿತ್ತು. ಅಂದರೆ ಈ ಮಗು 30 ವಾರಕ್ಕೇ, ಹತ್ತು ವಾರ ಮೊದಲೇ ಹುಟ್ಟಿದೆ. ಪಕ್ಕದ ಮನೆಯ ಮಗು ದಿನ ತುಂಬಿ ಹುಟ್ಟಿದ್ದು.

ಹೊಟ್ಟೆಯಲ್ಲಿ ಆಗಬೇಕಿದ್ದ ಮಿದುಳಿನ ಬೆಳವಣಿಗೆ ಮಗು ಹೊರಗೆ ಬಂತು ಅಂತ ಓಡಲು ಶುರುಮಾಡುವುದಿಲ್ಲ. ಹೆಚ್ಚು ಕಡಿಮೆ ತನ್ನ ವೇಗದಲ್ಲೇ ನಡೆಯುತ್ತದೆ. ಹಾಗಾಗಿ ಮಗು ಏನೇನು ಕಲಿತಿದೆ ಎಂದು ನೋಡುವಾಗ ಆ ಹತ್ತು ವಾರ ಕಳೆಯಬೇಕು. ಇದಕ್ಕೆ ಕರೆಕ್ಟೆಡ್ ಏಜ್ ಅನ್ನುತ್ತೇವೆ. ತಿದ್ದಿದ ವಯಸ್ಸು ಅಂದರೂ ಆದೀತು.

ಕಳೆಯುವ ಲೆಕ್ಕದಲ್ಲಿ ಜನ ಎಡವುತ್ತಾರೆ. 37 ವಾರ ಆದರೆ ದಿನ ತುಂಬಿದಂತೆ ಅಂತ ಎಲ್ಲೋ ಕೇಳಿರುತ್ತಾರೆ, 37ರಿಂದ ಕಳೆಯುತ್ತಾರೆ. ಕಳೆಯಬೇಕಾದ್ದು 40ರಿಂದ. ಇನ್ನು ಕೆಲವರು "ಏಳು ತಿಂಗಳಿಗೆ ಹುಟ್ಟಿದ್ದು" ಅನ್ನುತ್ತಾರೆ. ಏಳು ತುಂಬಿತ್ತೋ, ಏಳರಲ್ಲಿ ನಡೆಯುತ್ತಿತ್ತೋ? ಒಂದು ತಿಂಗಳು ಅಲ್ಲೇ ಹೆಚ್ಚು ಕಡಿಮೆ ಆಗಿಬಿಡುತ್ತದೆ.

ಅದಕ್ಕೆ ನಾನು ವಾರಗಳ ಗೋಜಿಗೇ ಹೋಗಬೇಡಿ ಅನ್ನುತ್ತೇನೆ. ಹೆರಿಗೆಯ ಅಂದಾಜು ದಿನದಿಂದ ಎಣಿಸಿ, ಅಷ್ಟೇ. ಏಪ್ರಿಲ್ 10ರಿಂದ ಸೆಪ್ಟೆಂಬರ್ 10. ಐದು ತಿಂಗಳು. ಅಜ್ಜಿ ಬೆರಳು ಮಡಿಸಿ ಎಣಿಸಿದರು, ಅವರಿಗೂ ಐದೇ ಬಂತು. ಕಾರ್ಡಿನಲ್ಲಿ ಎರಡು ದಿನಾಂಕ ಇದ್ದರೆ, ಮೊದಲ ಮೂರು ತಿಂಗಳೊಳಗೆ ಮಾಡಿದ ಸ್ಕ್ಯಾನ್ ಹೇಳಿದ ದಿನ ಹೆಚ್ಚು ನಂಬುವಂಥದ್ದು. ಕೊನೆಯ ತಿಂಗಳುಗಳ ಸ್ಕ್ಯಾನ್ ಎರಡು ಮೂರು ವಾರ ತಪ್ಪಬಹುದು.

ಆಮೇಲೆ ಮಗುವನ್ನು ಐದು ತಿಂಗಳ ಕೂಸು ಅಂತಲೇ ನೋಡಿದೆ. ಕೈ ಹಿಡಿದು ಮೆಲ್ಲಗೆ ಎಬ್ಬಿಸಿದಾಗ ತಲೆ ಹಿಂದೆ ಜೋತು ಬೀಳಲಿಲ್ಲ. ಬೋರಲು ಹಾಕಿದರೆ ಮುಂಗೈ ಊರಿ ಎದೆ ಎತ್ತಿತು. ಅಜ್ಜಿಯ ಬಳೆಗೆ ಕೈ ಚಾಚಿತು, ಹಿಡಿಯಿತು, ಬಾಯಿಗೆ ಒಯ್ಯಲು ನೋಡಿತು. ಹಿಂದಿನಿಂದ ಕರೆದರೆ ತಿರುಗಿತು. ಎರಡೂ ಕಾಲು ಒಂದೇ ಸಮ ಒದೆಯುತ್ತಿತ್ತು. ಆಸರೆ ಇಲ್ಲದೆ ಕೂರುವುದಿಲ್ಲ ನಿಜ. ಐದು ತಿಂಗಳಿಗೆ ಹೆಚ್ಚಿನ ಮಕ್ಕಳು ಕೂರುವುದೂ ಇಲ್ಲ. ಡಿಸೆಂಬರ್ 10ಕ್ಕೆ ಬನ್ನಿ ಎಂದೆ. ಆಗ ತಿದ್ದಿದ ವಯಸ್ಸು ಎಂಟು ತಿಂಗಳು. ಬಂದರು. ನನ್ನ ಮೇಜಿನ ಮೇಲೆ ಕೂತು ಸ್ಟೆತೊಸ್ಕೋಪ್ ಜಗ್ಗಿತು.

ಎಲ್ಲದಕ್ಕೂ ಈ ಲೆಕ್ಕ ಹಾಕಬೇಡಿ ಮತ್ತೆ. ಲಸಿಕೆಗೆ ಹುಟ್ಟಿದ ದಿನದ್ದೇ ಲೆಕ್ಕ. ಈ ಮಗುವಿನ ಆರು ವಾರದ ಲಸಿಕೆಯ ದಿನ ಮಾರ್ಚ್ 13. ಹೆರಿಗೆಯ ಅಂದಾಜು ದಿನಕ್ಕಿಂತ ಸುಮಾರು ಒಂದು ತಿಂಗಳು ಮೊದಲು! ಕೇಳಲು ವಿಚಿತ್ರ ಅಲ್ವಾ? ಆದರೂ ಅದೇ ಸರಿ. ಬೇಗ ಹುಟ್ಟಿದ ಮಗುವಿಗೆ ಸೋಂಕಿನ ಅಪಾಯ ಜಾಸ್ತಿ, ಕಾಯಿಸಬಾರದು. ಕಣ್ಣಿನ ಪರದೆಯ ಪರೀಕ್ಷೆಯೂ ಹಾಗೆಯೇ. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಹುಟ್ಟಿದ 30 ದಿನದೊಳಗೆ ಈ ಪರೀಕ್ಷೆ ಆಗಬೇಕು. ತೀರಾ ಬೇಗ ಹುಟ್ಟಿದ ಮಕ್ಕಳಿಗೆ ಇನ್ನೂ ಮೊದಲೇ ಬೇಕು. ಹೊರಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಬಂದವರು ಡಿಸ್ಚಾರ್ಜ್ ಚೀಟಿಯಲ್ಲಿ ಇದು ಆಗಿದೆಯೋ ಇಲ್ಲವೋ ನೋಡಿಕೊಳ್ಳಿ. ಘಟ್ಟ ಇಳಿದು ಮನೆ ಸೇರಿದ ಮೇಲೆ ಮರೆತುಹೋಗುವುದು ಇದೇ.

ಇನ್ನೊಂದು ಮಗುವಿನ ಕತೆ ಹೇಳಬೇಕು. ಇದು ನನ್ನನ್ನು ಹೆಚ್ಚು ಕಾಡಿದ್ದು. ಸಿರಸಿ ಕಡೆಯ ಮನೆ. ಮಗುವಿಗೆ ಏಳು ತಿಂಗಳು, ಕತ್ತು ಇನ್ನೂ ಗಟ್ಟಿ ನಿಂತಿಲ್ಲ. ಬಲಗೈ ಮುಷ್ಟಿ ಬಿಚ್ಚುವುದಿಲ್ಲ, ಹೆಬ್ಬೆರಳು ಒಳಗೇ. ಆಟಿಕೆ ಕೊಟ್ಟರೆ ಎಡಗೈಯನ್ನೇ ಚಾಚುತ್ತದೆ. ಮನೆಯವರಿಗೆ ಚಿಂತೆ ಇರಲಿಲ್ಲ. "ಬೇಗ ಹುಟ್ಟಿದ ಮಗು, ಎರಡು ತಿಂಗಳು ಕಳೆದು ನೋಡ್ಬೇಕಂತೆ." ಹುಟ್ಟುವಾಗ ಎಷ್ಟು ತೂಕ ಇತ್ತು ಎಂದು ಕೇಳಿದೆ. 1 ಕಿಲೋ 800 ಗ್ರಾಂ. ಕಾರ್ಡ್ ತೆಗೆದು ನೋಡಿದರೆ ಹುಟ್ಟಿದ್ದು 38 ವಾರಕ್ಕೆ. ಅದು ಬೇಗ ಹುಟ್ಟಿದ ಮಗು ಅಲ್ಲವೇ ಅಲ್ಲ, ತೂಕ ಕಡಿಮೆ ಇದ್ದ ಮಗು. ತೂಕ ನೋಡಿ ತಿಂಗಳು ಕಳೆಯುವಂತಿಲ್ಲ. ಕಳೆಯಲು ಅಲ್ಲಿ ಏನೂ ಇರಲಿಲ್ಲ.

ಅಷ್ಟಕ್ಕೂ ಎರಡು ತಿಂಗಳು ಕಳೆದರೂ ಅದು ಐದು ತಿಂಗಳ ಮಗು ಆಗುತ್ತಿತ್ತು. ಐದು ತಿಂಗಳಿಗೆ ಕತ್ತು ನಿಂತಿರಲೇಬೇಕು. ಒಂದು ಕೈ ಮಾತ್ರ ಬಳಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ವರ್ಷ ತುಂಬುವ ಮೊದಲು ಮಗು ಎಡಚ, ಬಲಚ ಅಂತ ಆಗುವುದಿಲ್ಲ. ಹಾಗೆ ಕಂಡರೆ ಇನ್ನೊಂದು ಕೈಗೆ ತೊಂದರೆ ಇದೆಯೇನೋ ಅಂತ ನೋಡಬೇಕು. ಬಟ್ಟೆ ಬದಲಿಸುವಾಗ ಕಾಲು ಬಿಗಿದು ಕತ್ತರಿಯಂತೆ ಒಂದರ ಮೇಲೊಂದು ಹೋದರೂ, ಕಲಿತದ್ದನ್ನು ಮಗು ಬಿಟ್ಟುಬಿಟ್ಟರೂ ಹಾಗೆಯೇ. ಇಂಥ ಕಡೆ ತಿಂಗಳು ಕಳೆಯುತ್ತಾ ಕೂರಬಾರದು. ಆ ಮಗುವಿಗೆ ಅದೇ ವಾರ ಫಿಸಿಯೋಥೆರಪಿ ಶುರುಮಾಡಿಸಿದೆವು. ಎರಡು ತಿಂಗಳು ಮೊದಲೇ ಆಗಬಹುದಿತ್ತು.

ಕುಮಟಾದ ಅಜ್ಜಿ ಡಿಸೆಂಬರಿನಲ್ಲಿ ಹೊರಡುವಾಗ ಇನ್ನೊಂದು ಕೇಳಿದರು. "ಈ ಕಳೆಯೋದು ಎಷ್ಟು ವರ್ಷ ಡಾಕ್ಟ್ರೇ? ಶಾಲೆಗೆ ಹೋಗುವಾಗಲೂ ಉಂಟೋ?"

ಇಲ್ಲ. ಐದು ತಿಂಗಳ ಮಗುವಿಗೆ ಹತ್ತು ವಾರ ಅಂದರೆ ಅದರ ಬದುಕಿನ ಅರ್ಧದಷ್ಟಾಯಿತು. ಎರಡು ವರ್ಷದ ಹೊತ್ತಿಗೆ ಆ ಅಂತರ ದೊಡ್ಡದಾಗಿ ಕಾಣುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷದವರೆಗೆ ಮಾತ್ರ ಕಳೆಯುತ್ತೇವೆ. ಅಜ್ಜಿಯ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 10ಕ್ಕೆ ಈಗ ಕೆಂಪು ಸುತ್ತು ಇದೆಯಂತೆ. ಆ ದಿನ ಎರಡನೇ ಸಲ ಬಂದು ಹೋದ ಮೇಲೆ ಈ ಮಗುವಿಗೂ ಜನವರಿ 30 ಒಂದೇ ಲೆಕ್ಕ.

ನಮಸ್ಕಾರ.