ಹದಿನಾರನೇ ಪುಟದಿಂದ ಶುರುವಾದ ಕಾದಂಬರಿ

ಕೇಳುಗರಿಗೆ ನಮಸ್ಕಾರ.

ನಾನು ಬರೆದ ಕಾದಂಬರಿಯ ಮೊದಲ ಅಧ್ಯಾಯ ಇಪ್ಪತ್ತಮೂರು ಪುಟ ಇತ್ತು. ಅದನ್ನು ನಮ್ಮ ಕಾಸರಗೋಡಿನ ಒಬ್ಬ ನಿವೃತ್ತ ಕನ್ನಡ ಮಾಷ್ಟ್ರಿಗೆ ಓದಲು ಕೊಟ್ಟೆ. ಎರಡು ವಾರ ಬಿಟ್ಟು ಹೋದಾಗ ಅವರು ಹಸ್ತಪ್ರತಿಯನ್ನು ನನ್ನ ಮುಂದಿಟ್ಟರು. ಹದಿನಾರನೇ ಪುಟದ ತಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದರು. "ತಂಗೀ, ನಾನು ಓದಲು ಶುರುಮಾಡಿದ್ದು ಇಲ್ಲಿಂದ. ಅದರ ಹಿಂದಿನದ್ದನ್ನು ಸುಮ್ನೆ ದಾಟಿದೆ" ಅಂದರು.

ಮನಸ್ಸಿಗೆ ಬಹಳ ನೋವಾಯಿತು. ಆ ಹದಿನೈದು ಪುಟಗಳನ್ನೇ ನಾನು ಅತ್ಯಂತ ಪ್ರೀತಿಯಿಂದ ಬರೆದದ್ದು. ಆದರೆ ಮನೆಗೆ ಬಂದು ಮತ್ತೆ ಓದಿದಾಗ ಅವರ ಗೆರೆ ಸರಿಯಾದ ಜಾಗದಲ್ಲೇ ಇದೆ ಅನ್ನಿಸಿತು. ಆ ಹದಿನೈದು ಪುಟ ಏನಾಯಿತು ಅನ್ನುವುದನ್ನೇ ಇವತ್ತು ನಿಮಗೆ ಹೇಳುತ್ತೇನೆ.

ಕಥೆ ನಮ್ಮ ಬದಿಯಡ್ಕ ಕಡೆಯ ಒಂದು ಅಡಿಕೆ ತೋಟದ್ದು. ಅಣ್ಣತಮ್ಮ ಇಬ್ಬರು, ಅಣ್ಣ ಈಶ್ವರ, ತಮ್ಮ ಗೋವಿಂದ. ಅವರ ತೋಟಕ್ಕೆ ನೀರು ಬರುವುದು ಸುರಂಗದಿಂದ. ದೂರದ ಊರಿನವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೊಕ್ಕು ನಡೆಯುವಷ್ಟು ಮಾತ್ರ ಕೊರೆದ ಬಿಲದಂಥ ದಾರಿ ಅದು. ಒಳಗೆ ಒಸರುವ ನೀರು ಪಂಪು ಇಲ್ಲದೆ ತಾನಾಗಿಯೇ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ಒಂದು ದಿನ ಬೆಳಿಗ್ಗೆ ಆ ನೀರು ಕೆಂಪಾಗಿ ಬರುತ್ತದೆ. ಒಳಗೆ ಎಲ್ಲೋ ಮಣ್ಣು ಕುಸಿದಿದೆ. ಮೇಲಿನ ಗುಡ್ಡದವರು ಅದೇ ವಾರ ಬೋರು ಕೊರೆಸಿದ್ದಾರೆ. ಪಾಲಾದ ಮೇಲೆ ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮ ಈಗ ಮಾತಾಡಲೇಬೇಕು. ಕಾದಂಬರಿ ಪೂರ್ತಿ ಇದರ ಮೇಲೆ ನಿಂತಿದೆ.

ಆ ಕೆಂಪು ನೀರು ನನ್ನ ಹಸ್ತಪ್ರತಿಯಲ್ಲಿ ಬಂದದ್ದು ಹದಿನಾರನೇ ಪುಟದಲ್ಲಿ! ಅದರ ಮೊದಲು ಏನಿತ್ತು? ಎರಡು ಪುಟ ಗೋವಿಂದ ಎದ್ದು ಜಗಲಿಯಲ್ಲಿ ಕೂತು ಮಂಜು ನೋಡುವುದು. ಐದು ಪುಟ ಅಜ್ಜ ಸುರಂಗ ಕೊರೆಸಿದ ಕಥೆ. ಮೂರು ಪುಟ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಮನೆಯ ಹಿರಿಯರ ಸಂಕಟ. ಮೂರು ಪುಟ ಪಾಲುಪಟ್ಟಿ. ಎರಡು ಪುಟ ಗೋವಿಂದನ ಮದುವೆ.

ನಾನು ಯಾಕೆ ಹಾಗೆ ಬರೆದೆ ಅಂತ ತುಂಬ ಯೋಚಿಸಿದ್ದೇನೆ. ಚಿಕ್ಕಂದಿನಿಂದ ತಾಳಮದ್ದಳೆ ಕೇಳಿ ಬೆಳೆದವಳು ನಾನು. ಅಲ್ಲಿ ಪಾತ್ರದ ಮಾತನ್ನು ಆಡುವ ಅರ್ಥಧಾರಿ ಕೂತ ಕೂಡಲೇ ಪೀಠಿಕೆ ಹಾಕುತ್ತಾರೆ. ಕರ್ಣನಾದರೆ ತನ್ನ ಹುಟ್ಟು, ತನಗಾದ ಅವಮಾನ, ಗುರುವಿನ ಶಾಪ, ಎಲ್ಲವನ್ನೂ ನೆನೆಯುತ್ತಾನೆ. ಅರ್ಧ ಗಂಟೆಯಾದರೂ ಯಾರೂ ಏಳುವುದಿಲ್ಲ. ಕಾದಂಬರಿಗೂ ಅಂಥ ಪೀಠಿಕೆ ಬೇಕು ಅಂತ ನಾನು ನಂಬಿದ್ದೆ. ಒಂದು ವ್ಯತ್ಯಾಸ ಮಾತ್ರ ನನಗೆ ಹೊಳೆದಿರಲಿಲ್ಲ. ಕರ್ಣ ಯಾರು, ಇವತ್ತು ಅವನಿಗೆ ಏನಾಗಲಿದೆ ಅಂತ ಕೇಳುವವರಿಗೆ ಮೊದಲೇ ಗೊತ್ತು. ಅವನು ಸಾಯುತ್ತಾನೆ ಅಂತ ಗೊತ್ತಿರುವುದರಿಂದಲೇ ಅವನ ಹಳೆಯ ನೆನಪಿಗೆ ಅಷ್ಟು ತೂಕ. ನನ್ನ ಗೋವಿಂದನ ಮುಖವನ್ನು ಓದುಗ ಇನ್ನೂ ನೋಡಿಯೇ ಇಲ್ಲ. ಅವನ ಅಜ್ಜನ ವಿಷಯ ಈಗಲೇ ಯಾಕೆ ಬೇಕು ಅವನಿಗೆ?

ಹಳೆಯ ಕಥೆ ಎಲ್ಲೆಲ್ಲಿ ಸೇರಿಕೊಂಡಿದೆ ಅಂತ ಕಂಡುಹಿಡಿಯಲು ನಮ್ಮ ಭಾಷೆಯೇ ಒಂದು ಗುರುತು ಕೊಡುತ್ತದೆ. ನಡೆಯುತ್ತಿರುವ ಕಥೆಯಲ್ಲಿ ನಾವು "ಬಂದ", "ಕೇಳಿದ", "ಬಾಗಿಲು ತೆಗೆದ" ಅಂತ ಬರೆಯುತ್ತೇವೆ. ಹಿಂದಿನ ಕಥೆಗೆ ಹೋದ ಕೂಡಲೇ ಅದು "ಬಂದಿದ್ದ", "ಕೊರೆಸಿದ್ದರು", "ಹಂಚಿಕೊಂಡಿದ್ದರು" ಅಂತ ಆಗುತ್ತದೆ. ನಾನು ಕೆಂಪು ಪೆನ್ಸಿಲು ಹಿಡಿದು ಇಂಥ ಕ್ರಿಯಾಪದಗಳ ಕೆಳಗೆಲ್ಲ ಗೆರೆ ಹಾಕುತ್ತಾ ಹೋದೆ. ನಾಲ್ಕನೇ ಪುಟವೊಂದರಲ್ಲೇ ಹತ್ತೊಂಬತ್ತು ಗೆರೆ. ಹದಿನೇಳನೇ ಪುಟದಲ್ಲಿ ಎರಡೇ ಎರಡು. "ಹೋಗುತ್ತಿದ್ದರು" ಅನ್ನುವ ರೂಪದಲ್ಲಿ ಸ್ವಲ್ಪ ಎಚ್ಚರ ಬೇಕು. ಈಗ, ಕಣ್ಣೆದುರು ಹೋಗುತ್ತಿದ್ದರು ಅಂತಲೂ ಆಗುತ್ತದೆ, ಅಜ್ಜನ ಕಾಲದಲ್ಲಿ ದಿನಾ ಹೋಗುತ್ತಿದ್ದರು ಅಂತಲೂ ಆಗುತ್ತದೆ. ಎರಡನೆಯದ್ದಕ್ಕೆ ಮಾತ್ರ ಗೆರೆ. "ಕೊರೆಸಿದ್ದರು" ಎನ್ನುವುದನ್ನು "ಕೊರೆಸಿದರು" ಅಂತ ತಿದ್ದಿದರೆ ಗೆರೆ ಹೋಗುತ್ತದೆ, ಹಳೆಯ ಕಥೆ ಅಲ್ಲೇ ಕೂತಿರುತ್ತದೆ. ನಾನು ಆ ತಪ್ಪನ್ನೂ ಮಾಡಿದೆ.

ಈ ಗುರುತಿಗೆ ಸಿಗದೆ ತಪ್ಪಿಸಿಕೊಳ್ಳುವುದು ಆ ಮೊದಲ ಎರಡು ಪುಟದಂಥವು. ಗೋವಿಂದ ಎದ್ದ, ಜಗಲಿಗೆ ಬಂದ, ಮಂಜು ನೋಡಿದ. ಕ್ರಿಯಾಪದ ಎಲ್ಲ ಸರಿಯಾಗಿಯೇ ಇವೆ, ಏನೋ ನಡೆಯುತ್ತಿದೆ ಅನ್ನಿಸುತ್ತದೆ. ಆದರೆ ಆ ಜಗಲಿ ಅಜ್ಜನನ್ನು ನೆನೆಯಲು ಹಾಕಿದ ಒಂದು ಕುರ್ಚಿ ಅಷ್ಟೇ. ಬಸ್ಸಿನ ಕಿಟಕಿ ಬದಿಯ ಸೀಟೂ ಹೀಗೆಯೇ, ಎಷ್ಟೋ ಕಥೆಗಳಲ್ಲಿ ನೋಡಿದ್ದೇನೆ. ಇದನ್ನು ನೋಡಿಕೊಳ್ಳುವುದು ಕಷ್ಟವಿಲ್ಲ. ನೆನಪಿನ ಭಾಗವನ್ನು ತೆಗೆದು ಉಳಿದದ್ದನ್ನು ಓದಬೇಕು. ಒಬ್ಬ ಕೂತ, ಆಮೇಲೆ ಎದ್ದ, ಇಷ್ಟೇ ಉಳಿದರೆ ಅದು ಘಟನೆಯಲ್ಲ.

ಹಾಗಾದರೆ ಮೊದಲ ನಿಜವಾದ ಘಟನೆ ಯಾವುದು? ನಾನು ಕೇಳಿಕೊಂಡದ್ದು ಹೀಗೆ: ಯಾವುದಾದ ಮೇಲೆ ಗೋವಿಂದ ನಿನ್ನೆಯ ಹಾಗೆ ಇರಲು ಸಾಧ್ಯವಿಲ್ಲ? ಮೇಲಿನವರು ಬೋರು ಕೊರೆಸಿದರೂ ಅವನು ನಿನ್ನೆಯ ಹಾಗೆಯೇ ಇರಬಹುದಿತ್ತು. ನೀರು ಕೆಂಪಾದ ಮೇಲೆ ಆಗುವುದಿಲ್ಲ. ಸಂಜೆಯೊಳಗೆ ಅವನು ಏನಾದರೂ ಮಾಡಲೇಬೇಕು.

ಉತ್ಸಾಹದಲ್ಲಿ ನಾನು ಇನ್ನೂ ಮುಂದೆ ಹಾರಿದೆ. ಅಣ್ಣತಮ್ಮ ಬೇಲಿಯ ಹತ್ತಿರ ಕೈಕೈ ಮಿಲಾಯಿಸುವ ಜಾಗದಿಂದಲೇ ಶುರುಮಾಡಿದೆ. ಅತ್ತಿಗೆಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಯಾರು ಇವರೆಲ್ಲ? ಯಾಕೆ ಹೊಡೆದಾಡುವುದು?" ಅಂದರು. ಅವರ ಪ್ರಶ್ನೆಯಲ್ಲಿ ಕುತೂಹಲ ಇರಲಿಲ್ಲ. ಗೊಂದಲ ಇತ್ತು. ಕೇಳುವವರ ಧ್ವನಿಯಲ್ಲೇ ಅದು ತಿಳಿಯುತ್ತದೆ. ಯಾರ ನಷ್ಟ, ಏನು ನಷ್ಟ ಅಂತ ಗೊತ್ತಾಗುವ ಮೊದಲೇ ಹೊಡೆದಾಟ ಬಂದರೆ ಅದು ದಾರಿಯಲ್ಲಿ ಕಂಡ ಗಲಾಟೆಯ ಹಾಗೆ. ಹಾಗಾಗಿ ಒಂದು ಹೆಜ್ಜೆ ಹಿಂದೆ ಬಂದು ನೀರಿನ ಹತ್ತಿರ ನಿಂತೆ. ಈಗ ಅಧ್ಯಾಯ ಶುರುವಾಗುವುದು ಹೀಗೆ:

"ಕೊಡಪಾನ ಅರ್ಧ ತುಂಬಿದ ಮೇಲೆ ಗೋವಿಂದನಿಗೆ ಬಣ್ಣ ಕಾಣಿಸಿತು. ದಂಬೆಯಿಂದ ಬೀಳುತ್ತಿದ್ದ ನೀರಿಗೆ ಕೈ ಒಡ್ಡಿದ. ಅಂಗೈಯಲ್ಲಿ ಕೆಂಪು ಮಣ್ಣು ನಿಂತಿತು. ಟಾಂಕಿಯ ನಡುವೆ ಗೋಡೆ ಇತ್ತು. ಗೋಡೆಯ ಆಚೆ ಅಣ್ಣನ ಪಾಲು. ಅವನು ಬಗ್ಗಿ ಆ ಕಡೆಯ ನೀರನ್ನೂ ನೋಡಿದ. ಹತ್ತು ವರ್ಷದಲ್ಲಿ ಮೊದಲ ಸಲ."

ಪಾಲುಪಟ್ಟಿಯ ಮೂರು ಪುಟ ಎಲ್ಲಿ ಹೋಯಿತು ಅಂತ ನೋಡಿದಿರಲ್ವಾ? ಟಾಂಕಿಯ ನಡುವಿನ ಗೋಡೆಗೆ ಹೋಯಿತು. ಯಾರಿಗೆ ಎಷ್ಟು ಸೆಂಟ್ಸ್ ಬಂತು, ಯಾರು ಮೊದಲು ಮಾತು ಬಿಟ್ಟರು ಅನ್ನುವುದು ಈ ಬೆಳಗಿಗೆ ಬೇಕಾಗಿಲ್ಲ. ಪಾಲಾಗಿದೆ, ಅದು ಇನ್ನೂ ಉರಿಯುತ್ತಿದೆ. ಅಷ್ಟು ಗೊತ್ತಾದರೆ ಸಾಕು.

ಕತ್ತರಿಸಿದ ಉಳಿದ ಭಾಗಗಳನ್ನು ನಾನು ಹರಿದು ಎಸೆಯಲಿಲ್ಲ. ಬೇರೆ ಬೇರೆ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮೇಲೆ ಒಂದು ಪ್ರಶ್ನೆ ಹಾಕಿದೆ. ಇದನ್ನು ಓದುಗ ಮೊದಲು ಕೇಳುವುದು ಯಾವ ಪುಟದಲ್ಲಿ? ಅವನು ಕೇಳುವ ಮೊದಲು ಹೇಳಬಾರದು, ಕೇಳಿದ ಮೇಲೂ ಸ್ವಲ್ಪ ಕಾಯಿಸಬೇಕು.

ಅಜ್ಜನ ಕಥೆಗೆ ಜಾಗ ಸಿಕ್ಕಿದ್ದು ಮೂರನೇ ಅಧ್ಯಾಯದಲ್ಲಿ. ಕುಸಿದದ್ದು ಎಲ್ಲಿ ಅಂತ ನೋಡಲು ಗೋವಿಂದ ಸುರಂಗದ ಒಳಗೆ ಹೋಗುತ್ತಾನೆ. ಕೈಯಲ್ಲಿ ಹಚ್ಚಿದ ದೀಪ. ದೀಪ ಸಣ್ಣದಾಗುತ್ತಾ ಹೋದರೆ ಒಳಗೆ ಗಾಳಿ ಸಾಲದು, ಹಿಂದೆ ಬಾ ಅಂತ ಅಜ್ಜ ಹೇಳಿಕೊಟ್ಟಿದ್ದರು. ಗೋಡೆಯಲ್ಲಿ ಪಿಕ್ಕಾಸಿನ ಹಳೆಯ ಏಟಿನ ಗುರುತುಗಳಿವೆ. ಇದನ್ನು ಕೊರೆದವರು ಯಾರು, ಎಷ್ಟು ವರ್ಷ ಹಿಡಿಯಿತು ಅಂತ ಓದುಗ ಅಲ್ಲಿ ತಾನೇ ಕೇಳುತ್ತಾನೆ. ಐದು ಪುಟದ ಅಜ್ಜ ಅಲ್ಲಿ ಒಂದೂವರೆ ಪುಟದಲ್ಲಿ ಬಂದರು. ಮೊದಲಿಗಿಂತ ಹತ್ತಿರದವರಾಗಿ ಬಂದರು ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಅವರು ಹೇಳಿಕೊಟ್ಟ ಮಾತಿನ ಮೇಲೆ ಈಗ ಮೊಮ್ಮಗನ ಜೀವ ನಿಂತಿದೆ.

1956ರ ಮೂರು ಪುಟ ಬಿಡುವುದು ನನಗೆ ಬಹಳ ಕಷ್ಟವಾಯಿತು. ಗಡಿನಾಡಿನಲ್ಲಿ ಕನ್ನಡದಲ್ಲಿ ಬರೆಯುವ ನಮಗೆ ಅದು ಇತಿಹಾಸದ ಪಾಠವಲ್ಲ, ಮನೆಯ ಮಾತು. ಅದನ್ನು ಮೊದಲೇ ಹೇಳದಿದ್ದರೆ ದ್ರೋಹ ಮಾಡಿದ ಹಾಗೆ ಅನ್ನಿಸಿತು. ಬಹಳ ದಿನ ಆ ಹಾಳೆಯನ್ನು ಮುಟ್ಟಲಿಲ್ಲ. ಕೊನೆಗೆ ದಾರಿ ಕಂಡದ್ದು ನಾಲ್ಕನೇ ಅಧ್ಯಾಯದಲ್ಲಿ. ಬೋರಿನ ಬಗ್ಗೆ ದೂರು ಕೊಡಲು ಅಣ್ಣತಮ್ಮ ಕಚೇರಿಗೆ ಹೋಗುತ್ತಾರೆ. ಅಲ್ಲಿ ಕೊಟ್ಟ ಅರ್ಜಿ ಮಲಯಾಳದಲ್ಲಿದೆ. ಕನ್ನಡ ಶಾಲೆಯಲ್ಲಿ ಕಲಿತ ಈಶ್ವರನಿಗೆ ಅದನ್ನು ಓದಲು ಬರುವುದಿಲ್ಲ. ಅವನು ಕಾಗದವನ್ನು ತಮ್ಮನ ಕೈಗೆ ಕೊಡುತ್ತಾನೆ, ತಮ್ಮ ಕೂಡಿಸಿ ಕೂಡಿಸಿ ಓದುತ್ತಾನೆ. ಆ ಹೊತ್ತಿಗೆ ಎರಡೇ ವಾಕ್ಯ ಸಾಕಾಯಿತು. ಅಪ್ಪ ಹುಟ್ಟಿದಾಗ ಈ ಊರು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು ಅಂತ ಒಂದು, ಮನೆ ಕದಲಲಿಲ್ಲ, ಗಡಿ ಕದಲಿತು ಅಂತ ಇನ್ನೊಂದು. ಮೂರು ಪುಟದಲ್ಲಿ ನಾನು ಓದುಗನಿಗೆ ಸಂಕಟವನ್ನು ವಿವರಿಸುತ್ತಿದ್ದೆ. ಇಲ್ಲಿ ಅಣ್ಣನ ಕೈಯಿಂದ ಕಾಗದ ತಮ್ಮನ ಕೈಗೆ ಹೋಗುವುದನ್ನು ಅವನೇ ನೋಡುತ್ತಾನೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಡುವೆ ಒಂದು ಸಲ ಹಳೆಯ ಕಥೆಯನ್ನೆಲ್ಲ ಮಾತಿನಲ್ಲಿ ತುಂಬಿಸಿದ್ದೆ. "ಅಣ್ಣಾ, ನಮ್ಮ ಅಜ್ಜ ಈ ಸುರಂಗ ಕೊರೆಸಲು ಎಷ್ಟು ಕಷ್ಟಪಟ್ಟಿದ್ದರು" ಅಂತ ತಮ್ಮ ಅಣ್ಣನಿಗೇ ಹೇಳುವುದು! ಇಬ್ಬರಿಗೂ ಗೊತ್ತಿರುವ ವಿಷಯವನ್ನು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದರೆ ಅವನು ಮಾತಾಡುತ್ತಿರುವುದು ಓದುಗನ ಹತ್ತಿರ. ಅಂಥ ಮಾತುಗಳನ್ನೆಲ್ಲ ತೆಗೆದೆ.

ಸುರಂಗ ಅಂದರೆ ಏನು ಅನ್ನುವುದನ್ನು ಮಾತ್ರ ಮೊದಲ ಪುಟದಲ್ಲೇ ಉಳಿಸಿದೆ, ಎರಡು ವಾಕ್ಯ. ಅದು ಹಿಂದಿನ ಕಥೆಯಲ್ಲ. ಅದು ಗೊತ್ತಿಲ್ಲದಿದ್ದರೆ ಧಾರವಾಡದ ಓದುಗನಿಗೆ ನೀರು ಕೆಂಪಾದದ್ದರ ಭಯ ತಾಗುವುದೇ ಇಲ್ಲ.

ಈಗ ಮೊದಲ ಅಧ್ಯಾಯ ಒಂಬತ್ತು ಪುಟ ಇದೆ. ಕೆಂಪು ನೀರು ಮೊದಲ ಸಾಲಿನಲ್ಲೇ ಬರುತ್ತದೆ. ಮಾಷ್ಟ್ರಿಗೆ ಮತ್ತೆ ಕೊಟ್ಟೆ. ಈ ಸಲ ಗೆರೆ ಇರಲಿಲ್ಲ. ಆರನೇ ಪುಟದ ಬದಿಯಲ್ಲಿ "ಇವರು ಯಾಕೆ ಮಾತು ಬಿಟ್ಟದ್ದು?" ಅಂತ ಬರೆದಿದ್ದರು. ಆ ಉತ್ತರವನ್ನು ನಾನು ಏಳನೇ ಅಧ್ಯಾಯದಲ್ಲಿ ಇಟ್ಟಿದ್ದೇನೆ. ಅಲ್ಲಿವರೆಗೆ ಅವರು ಓದಿದರು.

ಗೋವಿಂದನ ಮದುವೆಯ ಎರಡು ಪುಟದ ಹಾಳೆ ಇನ್ನೂ ನನ್ನ ಬೀರುವಿನಲ್ಲೇ ಇದೆ. ಕಾದಂಬರಿ ಮುಗಿಯುವವರೆಗೂ ಅದನ್ನು ಯಾರೂ ಕೇಳಲಿಲ್ಲ.

ನಮಸ್ಕಾರ.