ಫಾರಂನಲ್ಲಿ ಬಂದ ನಂಬರ್ ಯಾರದ್ದು?

ಕೇಳುಗರೇ, ನಮಸ್ಕಾರ.

ಅರಸೀಕೆರೆ ಕಡೆ ತೆಂಗಿನ ತೋಟಗಳಿಗೆ ಡ್ರಿಪ್ ಹಾಕಿಕೊಡುವ ಒಬ್ಬ ವ್ಯಾಪಾರಿ ಇದ್ದಾರೆ ಅಂದುಕೊಳ್ಳಿ. ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಟ್ಟಿದ್ದಾರೆ. ನೋಡಿದವರು ಅಲ್ಲೇ ಒಂದು ಫಾರಂ ಒತ್ತಿ ಹೆಸರು, ಫೋನ್ ನಂಬರ್ ಕೊಡುತ್ತಾರೆ. ವಾರದಲ್ಲಿ 100 ಜನ ಕೊಟ್ಟರು. ಕರೆ ಮಾಡಲು ಕೂತರೆ ಕೆಲವು ನಂಬರ್ ಚಾಲ್ತಿಯಲ್ಲೇ ಇಲ್ಲ. ಕೆಲವರು ‘ನಾನು ಯಾವ ಫಾರಂ ತುಂಬಿಲ್ಲ’ ಅನ್ನುತ್ತಾರೆ. ಇನ್ನು ಕೆಲವು ಕರೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರಿಗೆ ಹೋಗುತ್ತದೆ. ‘ತೋಟ ನಮ್ಮ ಅಪ್ಪಂದು ಸಾರ್, ನನಗೇನೂ ಗೊತ್ತಿಲ್ಲ’ ಅಂತ ಅವರು ಇಟ್ಟುಬಿಡುತ್ತಾರೆ.

ಇದನ್ನೆಲ್ಲ ಒಟ್ಟಿಗೆ ಸೇರಿಸಿ ‘ಎಲ್ಲಾ ಫೇಕ್ ನಂಬರ್’ ಅನ್ನುವುದು ರೂಢಿ. ಹಾಗೆ ಅನ್ನುವ ಮೊದಲು ಆ ನಂಬರ್ ಫಾರಂಗೆ ಹೇಗೆ ಬಂತು ಅಂತ ನೋಡಬೇಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗೇ ತೆರೆದುಕೊಳ್ಳುವ ಫಾರಂಗೆ ಇನ್‌ಸ್ಟಂಟ್ ಫಾರಂ ಅನ್ನುತ್ತಾರೆ. ಇದರಲ್ಲಿ ಹೆಸರು, ನಂಬರ್ ಮೊದಲೇ ತುಂಬಿರುತ್ತದೆ. ಖಾತೆಯಲ್ಲಿ ಏನಿದೆಯೋ ಅದೇ ಬಂದು ಕೂರುತ್ತದೆ. ನಮ್ಮ ಹಳ್ಳಿಗಳಲ್ಲಿ ಅಪ್ಪನ ಖಾತೆ ಮಾಡಿಕೊಟ್ಟಿದ್ದು ಮಗ, ಹಾಕಿದ್ದು ಮಗನ ನಂಬರ್. ಅಥವಾ ಖಾತೆ ಮಾಡುವಾಗ ಇದ್ದ ಸಿಮ್ ಯಾವತ್ತೋ ಬದಲಾಗಿದೆ, ಆ ಹಳೇ ನಂಬರ್ ಈಗ ಇನ್ಯಾರದ್ದೋ ಆಗಿದೆ. ರೈತರು ಎರಡು ಸಲ ಒತ್ತುತ್ತಾರೆ, ಫಾರಂ ಹೋಗುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ತೋಟವೂ ನಿಜ, ಡ್ರಿಪ್ ಬೇಕಾಗಿದ್ದೂ ನಿಜ.

ಇನ್ನೊಂದು ದಾರಿ ಲ್ಯಾಂಡಿಂಗ್ ಪೇಜ್. ಜಾಹೀರಾತು ಒತ್ತಿದರೆ ವ್ಯಾಪಾರಿಯ ಸ್ವಂತ ವೆಬ್ ಪುಟ ತೆರೆಯುತ್ತದೆ, ಅಲ್ಲಿ ನಂಬರನ್ನು ಹೆಚ್ಚಾಗಿ ಕೈಯಾರೆ ಟೈಪ್ ಮಾಡಬೇಕು. ಸಕಲೇಶಪುರದ ಘಾಟಿ ಕಡೆ ಸಿಗ್ನಲ್ ಕಮ್ಮಿ ಇರುವ ಜಾಗದಲ್ಲಿ ದೊಡ್ಡ ದೊಡ್ಡ ಫೋಟೊ ಇರುವ ಪುಟ ತೆರೆಯುವಷ್ಟರಲ್ಲಿ ಜನ ವಾಪಸ್ ಹೋಗಿರುತ್ತಾರೆ. ಕಾಯ್ದು ತುಂಬಿದವರಿಗೆ ಆಸಕ್ತಿ ಜಾಸ್ತಿ ಇರುತ್ತದೆ, ನಿಜ. ಆದರೆ ಕೈಯಲ್ಲಿ ಬರೆದಿದ್ದು ಸರಿಯಾಗೇ ಇರುತ್ತದೆ ಅಂತ ಏನಿಲ್ಲ. ಒಂದು ಅಂಕಿ ಬಿಟ್ಟುಹೋಗುತ್ತದೆ, ಎರಡು ಅಂಕಿ ಹಿಂದೆಮುಂದೆ ಆಗುತ್ತವೆ.

ಹಾಗಾಗಿ ಒಂದು ಫಾರಂನ ತೊಂದರೆ ಹಳೇ ನಂಬರ್, ಇನ್ನೊಂದರ ತೊಂದರೆ ತಪ್ಪು ಟೈಪು. ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಇನ್‌ಸ್ಟಂಟ್ ಫಾರಂ ಮಾಡುವಾಗ ಯಾವ ಬಗೆಯದು ಬೇಕು ಅಂತ ಕೇಳುತ್ತದೆ. ‘ಮೋರ್ ವಾಲ್ಯೂಮ್’ ಅಂದರೆ ಬೇಗ ಮುಗಿಯುವ ಫಾರಂ. ‘ಹೈಯರ್ ಇಂಟೆಂಟ್’ ತೆಗೆದುಕೊಂಡರೆ ಕಳಿಸುವ ಮೊದಲು ಒಂದು ಪುಟದಲ್ಲಿ ಕೊಟ್ಟ ವಿವರವನ್ನೆಲ್ಲ ಮತ್ತೆ ತೋರಿಸುತ್ತದೆ. ಇಂಥ ವ್ಯಾಪಾರಕ್ಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಸಂಖ್ಯೆ ಸ್ವಲ್ಪ ಇಳಿದರೂ ಪರವಾಗಿಲ್ಲ. ಕೆಲವು ಖಾತೆಗಳಲ್ಲಿ ಒಟಿಪಿ ಕೇಳುವ ಆಯ್ಕೆಯೂ ಕಾಣುತ್ತದೆ. ಇದ್ದರೆ ಹಾಕಿ. ಒಟಿಪಿ ಬೆಂಗಳೂರಿನ ಮಗನಿಗೆ ಹೋದಾಗಲೇ ಅಪ್ಪನಿಗೆ ‘ಓ, ಇದು ನನ್ನ ನಂಬರ್ ಅಲ್ಲ’ ಅಂತ ಗೊತ್ತಾಗುವುದು.

ಇಲ್ಲಿ ಒಂದು ಎಚ್ಚರಿಕೆ. ಫೋನ್ ನಂಬರನ್ನೇ ನಮ್ಮದೇ ಪ್ರಶ್ನೆಯಾಗಿ ಇನ್ನೊಮ್ಮೆ ಕೇಳೋಣ, ಆಗ ಟೈಪ್ ಮಾಡಲೇಬೇಕಾಗುತ್ತದೆ ಅಂತ ಅನ್ನಿಸಬಹುದು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ನಿಯಮ ಅದನ್ನು ಒಪ್ಪುವುದಿಲ್ಲ. ಅವರ ಸಿದ್ಧ ಪಟ್ಟಿಯಲ್ಲಿ ಇರುವ ಪ್ರಶ್ನೆಯನ್ನು ನಾವು ಬೇರೆಯಾಗಿ ಬರೆದು ಕೇಳುವಂತಿಲ್ಲ, ಜಾಹೀರಾತು ತಿರಸ್ಕಾರ ಆಗಬಹುದು. ಅದರ ಬದಲು, ‘ತೋಟದ ವಿಷಯ ಯಾರ ಹತ್ತಿರ ಮಾತಾಡಬೇಕು? ನಿಮ್ಮ ಹತ್ತಿರವೋ, ಮನೆಯ ಬೇರೆಯವರ ಹತ್ತಿರವೋ?’ ಅಂತ ಕೇಳಿ. ‘ಬೇರೆಯವರು’ ಅಂತ ಬಂದರೆ, ಫೋನ್ ಎತ್ತಿದ ಮಗನ ಹತ್ತಿರ ಮೊದಲ ಮಾತಲ್ಲೇ ತಂದೆಯವರ ನಂಬರ್ ಕೇಳಬಹುದು. ‘ತೋಟ ಯಾವ ಊರಲ್ಲಿ?’ ಅನ್ನುವ ಪ್ರಶ್ನೆಯನ್ನೂ ಬರೆದೇ ಉತ್ತರಿಸುವ ಹಾಗೆ ಇಡಿ. ಸುಮ್ನೆ ಒತ್ತುತ್ತಾ ಹೋಗುವವರು ಅಲ್ಲಿ ನಿಲ್ಲುತ್ತಾರೆ.

ಈಗ ಲ್ಯಾಂಡಿಂಗ್ ಪೇಜ್. ನಮ್ಮ ದೇಶದ ಮೊಬೈಲ್ ನಂಬರ್ 10 ಅಂಕಿ, ಮೊದಲ ಅಂಕಿ 6, 7, 8 ಅಥವಾ 9. ಇಷ್ಟನ್ನು ಫಾರಂ ತಾನೇ ನೋಡಬೇಕು. ಆದರೆ ಜನ ಮುಂದೆ ಸೊನ್ನೆ ಹಾಕುತ್ತಾರೆ, ಪ್ಲಸ್ 91 ಹಾಕುತ್ತಾರೆ, ನಡುವೆ ಜಾಗ ಬಿಡುತ್ತಾರೆ, ಕೆಲವರು ಕನ್ನಡ ಅಂಕಿಯಲ್ಲೂ ಬರೆಯುತ್ತಾರೆ. ಅವರಿಗೆ ಕೆಂಪು ಅಕ್ಷರದಲ್ಲಿ ‘ತಪ್ಪು’ ಅಂತ ತೋರಿಸಬೇಡಿ, ಫಾರಂ ತಾನೇ ಸರಿಮಾಡಿಕೊಳ್ಳಲಿ. 91 ತೆಗೆಯುವಾಗ ಮಾತ್ರ ಜೋಪಾನ. ಒಟ್ಟು 12 ಅಂಕಿ ಇದ್ದರೆ ಮಾತ್ರ ತೆಗೆಯಬೇಕು. 10 ಅಂಕಿಯ ಸರಿಯಾದ ನಂಬರೇ 91ರಿಂದ ಶುರುವಾಗಬಹುದು ಅಲ್ವಾ? ಅಲ್ಲಿ 91 ಕಿತ್ತರೆ ಒಳ್ಳೆಯ ಗಿರಾಕಿಯ ನಂಬರನ್ನು ನಾವೇ ಕೆಡಿಸಿದ ಹಾಗೆ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಆಧಾರ್ ನಂಬರಿನ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು, ಒಂದು ಅಂಕಿ ತಪ್ಪಿದರೆ ಲೆಕ್ಕ ತಾಳೆ ಆಗುವುದಿಲ್ಲ. ಮೊಬೈಲ್ ನಂಬರಿಗೆ ಅಂಥ ವ್ಯವಸ್ಥೆ ಇಲ್ಲ. ಒಂದು ಅಂಕಿ ತಪ್ಪಿದರೂ ಅದು ಇನ್ಯಾರದ್ದೋ ಸರಿಯಾದ ನಂಬರ್ ಆಗಿರಬಹುದು. 9ರಿಂದ ಇಳಿಯುತ್ತಾ ಸೊನ್ನೆವರೆಗೆ ಒತ್ತಿದ ಸುಳ್ಳು ನಂಬರ್ ಕೂಡ ಈ ಪರೀಕ್ಷೆ ಪಾಸಾಗುತ್ತದೆ. ಹಾಗಾಗಿ ಬರೆದ ನಂಬರನ್ನು ದೊಡ್ಡದಾಗಿ, ಐದೈದು ಅಂಕಿಯ ಎರಡು ಗುಂಪು ಮಾಡಿ ತೋರಿಸಿ, ‘ಇದಕ್ಕೇ ಕರೆ ಮಾಡಲಾ?’ ಅಂತ ಕೇಳಬೇಕು. ಪಕ್ಕಾ ಆಗಬೇಕಾದರೆ ಒಟಿಪಿಯೇ ಬೇಕು.

ಒಟಿಪಿಯನ್ನು ಕೊನೆಯಲ್ಲಿ ಇಡಿ, ತೋಟದ ವಿವರ ಕೊಟ್ಟ ಮೇಲೆ. ಅದೇ ಪುಟದಲ್ಲಿ ನಂಬರ್ ತಿದ್ದಲು ಅವಕಾಶ ಇರಲಿ. ಒಟಿಪಿ ಬರದೆ ಬಿಟ್ಟುಹೋದವರ ವಿವರ ಎಸೆಯಬೇಡಿ, ‘ಖಚಿತ ಆಗಿಲ್ಲ’ ಅಂತ ಗುರುತು ಹಾಕಿಡಿ. ಎಸ್‌ಎಂಎಸ್ ಮೂಲಕ ಒಟಿಪಿ ಕಳಿಸಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು, ಕಳಿಸುವ ಹೆಸರಿಗೂ ಸಂದೇಶದ ಮಾದರಿಗೂ ಒಪ್ಪಿಗೆ ಬೇಕು. ಸಣ್ಣ ಅಂಗಡಿಗೆ ಅದು ಹೊರೆ ಅನ್ನಿಸಿದರೆ ವಾಟ್ಸಾಪ್ ಬಟನ್ ಇಡಬಹುದು, ಇಲ್ಲವೇ ಮಿಸ್ಡ್ ಕಾಲ್ ಕೊಡಿ ಅನ್ನಬಹುದು. ಅವರ ಫೋನಿನಿಂದಲೇ ಬಂದ ನಂಬರ್, ಟೈಪ್ ಮಾಡುವ ಮಾತೇ ಇಲ್ಲ.

ಬೇಕಂತಲೇ ಸುಳ್ಳು ನಂಬರ್ ಕೊಡುವವರೂ ಇದ್ದಾರೆ. ಅವರಲ್ಲಿ ಬಹಳ ಜನರಿಗೆ ಬೇಕಿರುವುದು ಎಕರೆಗೆ ಎಷ್ಟಾಗುತ್ತದೆ ಅನ್ನುವುದು ಮಾತ್ರ. ನಂಬರ್ ಕೊಟ್ಟರೆ ಮಾತ್ರ ರೇಟು ಅಂತ ನಾವು ಹಟ ಹಿಡಿದರೆ ಅವರು ಯಾವುದೋ ನಂಬರ್ ಬರೆಯುತ್ತಾರೆ. ಅಂದಾಜು ರೇಟನ್ನು ಜಾಹೀರಾತಿನಲ್ಲೇ ಹೇಳಿಬಿಡಿ. ಸುಳ್ಳು ಹೇಳುವ ಕಾರಣವೇ ಹೋಗುತ್ತದೆ.

ಇನ್ನು ಖರ್ಚಿನ ಲೆಕ್ಕ. ಉದಾಹರಣೆಗೆ, ಎರಡು ಕಡೆಯೂ 5,000 ರೂಪಾಯಿ ಹಾಕಿದ್ದೀರಿ. ಇನ್‌ಸ್ಟಂಟ್ ಫಾರಂನಲ್ಲಿ 100 ನಂಬರ್ ಬಂತು, ಒಂದಕ್ಕೆ 50 ರೂಪಾಯಿ. ಲ್ಯಾಂಡಿಂಗ್ ಪೇಜ್‌ನಲ್ಲಿ 25, ಒಂದಕ್ಕೆ 200. ಮೊದಲನೆಯದೇ ಅಗ್ಗ ಅನ್ನಿಸುತ್ತದೆ. ಆದರೆ ‘ತೋಟ ನೋಡಲು ಬನ್ನಿ’ ಅಂದವರು ಆ 100ರಲ್ಲಿ 8 ಜನ, ಈ 25ರಲ್ಲಿ 10 ಜನ ಆದರೆ? ಆಗ ಒಬ್ಬೊಬ್ಬರಿಗೆ ಬಿದ್ದ ಖರ್ಚು ಇನ್‌ಸ್ಟಂಟ್ ಫಾರಂನಲ್ಲಿ 625, ಲ್ಯಾಂಡಿಂಗ್ ಪೇಜ್‌ನಲ್ಲಿ 500. ಹಾಗಾಗಿ ಪ್ರತಿ ನಂಬರಿನ ಎದುರು ಬರೆಯುತ್ತಾ ಹೋಗಿ: ಎತ್ತಿದರು, ಬೇರೆಯವರು, ಚಾಲ್ತಿ ಇಲ್ಲ, ಬನ್ನಿ ಅಂದರು.

ಆ ಬರಹವನ್ನು ಪುಸ್ತಕದಲ್ಲೇ ಇಟ್ಟುಕೊಳ್ಳಬೇಡಿ, ಜಾಹೀರಾತು ವ್ಯವಸ್ಥೆಗೂ ವಾಪಸ್ ಕೊಡಿ. ಫಾರಂ ತುಂಬಿದವರಂಥ ಜನರನ್ನೇ ಅದು ಮತ್ತೆ ಹುಡುಕುತ್ತದೆ. ಸುಳ್ಳು ನಂಬರನ್ನೂ ಲೆಕ್ಕಕ್ಕೆ ಹಿಡಿದರೆ ಅಂಥವರನ್ನೇ ಜಾಸ್ತಿ ತರುತ್ತದೆ. ಲ್ಯಾಂಡಿಂಗ್ ಪೇಜ್‌ನಲ್ಲಿ ಒಟಿಪಿ ಸರಿಯಾದ ಮೇಲೆ ಮಾತ್ರ ‘ಲೀಡ್ ಬಂತು’, ಅಂದರೆ ಒಬ್ಬ ಗಿರಾಕಿಯ ವಿವರ ಸಿಕ್ಕಿತು, ಅಂತ ಸೂಚನೆ ಹೋಗುವ ಹಾಗೆ ಪುಟ ಮಾಡಿಕೊಟ್ಟವರ ಹತ್ತಿರ ಮಾಡಿಸಿ. ಇನ್‌ಸ್ಟಂಟ್ ಫಾರಂನಲ್ಲಿ ಬಂದ ವಿವರಗಳನ್ನು 90 ದಿನದೊಳಗೆ ಡೌನ್‌ಲೋಡ್ ಮಾಡಿ ಇಳಿಸಿಕೊಳ್ಳಿ, ಆಮೇಲೆ ಅಲ್ಲಿ ಸಿಗುವುದಿಲ್ಲ.

ನಮಸ್ಕಾರ.